ಆ್ಯಪ್‌ನ ಭಾಷೆ ಬದಲಿಸಿದರೆ ಚಾಟ್ ಅಳಿಸಿಹೋಗುತ್ತಾ? ಬ್ಯಾಕಪ್‌ಗೆ ಏನಾಗುತ್ತೆ?

ಇಲ್ಲಿ ಬರೆದಿರುವುದೆಲ್ಲ ಮುಖ್ಯವಾಗಿ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬಗ್ಗೆ. ನನ್ನನ್ನು ಕೇಳುವವರಲ್ಲಿ ಹೆಚ್ಚಿನವರ ಕೈಯಲ್ಲಿ ಇರುವುದು ಅದೇ. ಐಫೋನ್ ಮತ್ತು ಬೇರೆ ಆ್ಯಪ್‌ಗಳ ಮಾತು ಕೊನೆಯ ಕಡೆ ಬರುತ್ತದೆ. ಪರದೆಯ ಮೇಲೆ ಇಂಗ್ಲಿಷಿನಲ್ಲೇ ಕಾಣುವ ಹೆಸರುಗಳನ್ನು ಹುಡುಕಲು ಸುಲಭವಾಗಲಿ ಎಂದು ಹಾಗೆಯೇ ಬಿಟ್ಟಿದ್ದೇನೆ.

## ವಾಟ್ಸಾಪನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಿದರೆ ಹಳೆಯ ಚಾಟ್ ಹೋಗುತ್ತಾ?

ಹೋಗುವುದಿಲ್ಲ. ಒಂದು ಮೆಸೇಜು, ಒಂದು ಫೋಟೊ, ಒಂದು ವಾಯ್ಸ್ ಮೆಸೇಜ್ ಕೂಡ ಹೋಗುವುದಿಲ್ಲ.

ಯಾಕೆ ಅಂದರೆ, ಆ್ಯಪ್‌ನ ಮಾತುಗಳು ಇರುವ ಜಾಗ ಬೇರೆ, ನಿಮ್ಮ ಮಾತುಗಳು ಇರುವ ಜಾಗ ಬೇರೆ. ಬಟನ್ ಮೇಲಿನ ಬರಹ, ಮೆನುವಿನ ಸಾಲುಗಳು, ‘ಹೊಸ ಗುಂಪು’ ಎಂಬಂಥ ಪದಗಳು ಆ್ಯಪ್‌ನ ಜೊತೆಗೇ ಬಂದಿರುತ್ತವೆ. ಪ್ರತಿ ಭಾಷೆಗೂ ಒಂದೊಂದು ಪದಪಟ್ಟಿ ಇರುತ್ತದೆ. ನೀವು ಕನ್ನಡ ಆರಿಸಿದಾಗ ಆ್ಯಪ್ ಇಂಗ್ಲಿಷ್ ಪಟ್ಟಿಯನ್ನು ಬದಿಗಿಟ್ಟು ಕನ್ನಡದ ಪಟ್ಟಿಯನ್ನು ಓದಲು ಶುರು ಮಾಡುತ್ತದೆ, ಅಷ್ಟೆ. ನಿಮ್ಮ ಚಾಟ್‌ಗಳು ಫೋನಿನೊಳಗೆ `msgstore.db` ಎಂಬ ಬೇರೆಯೇ ಫೈಲಿನಲ್ಲಿವೆ. ಭಾಷೆ ಬದಲಿಸುವ ಕೆಲಸ ಆ ಫೈಲನ್ನು ಮುಟ್ಟುವುದೇ ಇಲ್ಲ.

ಬದಲಿಸಿದ ಕ್ಷಣದಲ್ಲಿ ಪರದೆ ಒಮ್ಮೆ ಮಿನುಗಿ ಆ್ಯಪ್ ಹೊಸದಾಗಿ ತೆರೆದುಕೊಂಡಂತೆ ಕಾಣಬಹುದು. ಹೊಸ ಪದಗಳನ್ನು ಎಲ್ಲ ಕಡೆ ತೋರಿಸಲು ಆ್ಯಪ್ ತನ್ನ ಪುಟಗಳನ್ನು ಮತ್ತೆ ಬರೆದುಕೊಳ್ಳುವುದರಿಂದ ಹಾಗಾಗುತ್ತದೆ. ಅದಕ್ಕೆ ಹೆದರಬೇಡಿ.

## ಆದರೂ ‘ಭಾಷೆ ಬದಲಿಸಿದೆ, ಎಲ್ಲಾ ಹೋಯ್ತು’ ಅನ್ನುವವರು ಇದ್ದಾರಲ್ಲ?

ಇದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಚಾಟ್ ಹೋದದ್ದು ಭಾಷೆಯಿಂದಲ್ಲ, ಭಾಷೆ ಬದಲಿಸಲು ಹಿಡಿದ ದಾರಿಯಿಂದ.

ವಾಟ್ಸಾಪನ್ನು ಹೊಸದಾಗಿ ಹಾಕಿಕೊಂಡಾಗ ಮೊಟ್ಟಮೊದಲು ಬರುವ ಪುಟದಲ್ಲಿ ಭಾಷೆ ಆರಿಸಿ ಎಂದು ಕೇಳುತ್ತದೆ. ಬಹಳ ಜನ ಆ ಪಟ್ಟಿಯನ್ನು ನೋಡಿರುವುದು ಅಲ್ಲಿ ಮಾತ್ರ. ಹಾಗಾಗಿ ಆಮೇಲೆ ಕನ್ನಡ ಬೇಕು ಅನ್ನಿಸಿದಾಗ ಆ ಪುಟವನ್ನು ಮತ್ತೆ ಬರಿಸಬೇಕು, ಅದಕ್ಕೆ ಆ್ಯಪನ್ನು ತೆಗೆದು ಮತ್ತೆ ಹಾಕಬೇಕು ಎಂದುಕೊಳ್ಳುತ್ತಾರೆ. ಪಕ್ಕದಲ್ಲಿದ್ದವರೂ ಅದನ್ನೇ ಹೇಳುತ್ತಾರೆ. ಅನ್‌ಇನ್‌ಸ್ಟಾಲ್ ಮಾಡಿದ ಗಳಿಗೆಯಲ್ಲಿ ನಾನು ಮೇಲೆ ಹೇಳಿದ ಆ ಒಳಗಿನ ಫೈಲು ಅಳಿಸಿಹೋಗುತ್ತದೆ. ಆಮೇಲೆ ಉಳಿಯುವುದು ಬ್ಯಾಕಪ್ ಮಾತ್ರ. ಬ್ಯಾಕಪ್ ಇದ್ದು, ಸರಿಯಾದ ಬಟನ್ ಒತ್ತಿದರೆ ಚಾಟ್ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ದಯವಿಟ್ಟು ಇಷ್ಟನ್ನು ಮನೆಯವರಿಗೂ ಹೇಳಿ: ಭಾಷೆ ಬದಲಿಸಲು ಆ್ಯಪನ್ನು ತೆಗೆಯುವ ಅಗತ್ಯ ಯಾವತ್ತೂ ಇಲ್ಲ.

## ಸರಿಯಾದ ದಾರಿ ಯಾವುದು?

ವಾಟ್ಸಾಪ್ ತೆರೆದು ಮೇಲೆ ಬಲಗಡೆಯ ಮೂರು ಚುಕ್ಕಿ ಒತ್ತಿ, `Settings` ಗೆ ಹೋಗಿ, ಕೆಳಗೆ ಸರಿಸಿದರೆ ಭೂಗೋಳದ ಚಿತ್ರದ ಪಕ್ಕ `App language` ಎಂದಿರುತ್ತದೆ. ಅದನ್ನು ಒತ್ತಿ ಕನ್ನಡ ಆರಿಸಿ. ಪಟ್ಟಿಯಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿ ಇರುವುದರಿಂದ ‘ಕನ್ನಡ’ ಎಂದೇ ಕಾಣುತ್ತದೆ.

ಆಂಡ್ರಾಯ್ಡ್ 13 ಅಥವಾ ಅದರ ನಂತರದ ಫೋನಾದರೆ ಇನ್ನೊಂದು ದಾರಿಯೂ ಇದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ವಿಭಾಗಕ್ಕೆ ಹೋದರೆ ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಭಾಷೆ ಆರಿಸಬಹುದು. ಆ ವಿಭಾಗದ ಹೆಸರು ಮತ್ತು ಜಾಗ ಫೋನ್ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಪೂರ್ತಿ ಫೋನನ್ನೇ ಕನ್ನಡಕ್ಕೆ ಹಾಕಿದರೂ ಚಾಟ್‌ಗೆ ಏನೂ ಆಗುವುದಿಲ್ಲ.

## ಈಗಾಗಲೇ ತೆಗೆದು ಮತ್ತೆ ಹಾಕಿಬಿಟ್ಟಿದ್ದೇವೆ, ಚಾಟ್ ಖಾಲಿ. ಇನ್ನು ಏನು ಮಾಡಬಹುದು?

ಮೊದಲನೆಯದು, ಇನ್ನೇನೂ ಒತ್ತಬೇಡಿ. ಎರಡನೆಯದು, ತಡಮಾಡಬೇಡಿ. ಯಾಕೆ ಎಂದು ನಮ್ಮ ಮನೆಯಲ್ಲಿ ನಡೆದದ್ದನ್ನೇ ಬಿಡಿಸಿ ಹೇಳುತ್ತೇನೆ.

ತಿಪಟೂರು ಕಡೆ ಇರುವ ನಮ್ಮ ಚಿಕ್ಕಮ್ಮ ಒಂದು ಭಾನುವಾರ ಮಧ್ಯಾಹ್ನ ಫೋನ್ ಮಾಡಿದರು. “ಎಲ್ಲಾ ಹೋಯ್ತು ಕಣೋ ಮಗಾ. ಮಂಡಿಯೋರು ಕಳ್ಸಿದ್ ಕೊಬ್ಬರಿ ತೂಕದ್ ಚೀಟಿ, ಪಾಪು ಮಾತಾಡಿದ್ದು, ಒಂದೂ ಇಲ್ಲ.” ಹಿಂದಿನ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಮೊಬೈಲ್ ಅಂಗಡಿಯಲ್ಲಿ ವಾಟ್ಸಾಪನ್ನು ಕನ್ನಡ ಮಾಡಿಕೊಡಿ ಎಂದು ಕೇಳಿದ್ದರಂತೆ. ಅಲ್ಲಿನ ಹುಡುಗ ಆ್ಯಪನ್ನು ತೆಗೆದು, ಮತ್ತೆ ಹಾಕಿ, ಮೊದಲ ಪುಟದಲ್ಲಿ ಕನ್ನಡ ಆರಿಸಿ, ನಂಬರ್ ಕೊಟ್ಟು, ಮುಂದೆ ಬ್ಯಾಕಪ್‌ನಿಂದ ಚಾಟ್ ತರಲೇ ಎಂದು ಕೇಳಿದ ಪುಟವನ್ನು `Skip` ಮಾಡಿ ಕೊಟ್ಟಿದ್ದಾನೆ. ಕನ್ನಡ ಬಂತು, ಚಾಟ್ ಹೋಯಿತು.

ಚಿಕ್ಕಮ್ಮನ ಫೋನಿನಲ್ಲಿ ಗೂಗಲ್ ಡ್ರೈವ್ ಬ್ಯಾಕಪ್ ಯಾವತ್ತೂ ಶುರು ಮಾಡಿರಲಿಲ್ಲ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಪ್ರತಿ ರಾತ್ರಿ 2 ಗಂಟೆಗೆ ಫೋನಿನೊಳಗೇ ಒಂದು ಪ್ರತಿ ಮಾಡಿ ಇಡುತ್ತದೆ. ಸುಮಾರು ಕಳೆದ ಏಳು ದಿನದ ಪ್ರತಿಗಳು ಈ ಫೋಲ್ಡರಿನಲ್ಲಿ ಇರುತ್ತವೆ:

```
Android/media/com.whatsapp/WhatsApp/Databases
```

ಆ್ಯಪ್ ತೆಗೆದರೂ ಈ ಫೋಲ್ಡರ್ ಸಾಮಾನ್ಯವಾಗಿ ಉಳಿದಿರುತ್ತದೆ. ಸಂಜೆ ಅವರ ಮನೆಗೆ ಹೋಗಿ ಫೈಲ್ ಮ್ಯಾನೇಜರ್‌ನಲ್ಲಿ ಅದನ್ನು ತೆರೆದೆ. ದಿನಾಂಕವಿಲ್ಲದ ಹೆಸರಿನ `msgstore.db.crypt14` ಒಂದಿತ್ತು, ತೀರಾ ಚಿಕ್ಕದು. ಅದರ ಕೆಳಗೆ ಹೆಸರಿನಲ್ಲಿ ದಿನಾಂಕವಿರುವ ಫೈಲುಗಳು ಸಾಲಾಗಿದ್ದವು, ಒಂದೊಂದೂ ಅದರ ಎಷ್ಟೋ ಪಟ್ಟು ದೊಡ್ಡವು. ಆ ಗಾತ್ರ ನೋಡಿದ ಕೂಡಲೇ ಏನಾಗಿದೆ ಎಂದು ಗೊತ್ತಾಯಿತು. ಚಿಕ್ಕದು ಅಂದಿನ ರಾತ್ರಿ 2 ಗಂಟೆಗೆ ಖಾಲಿ ವಾಟ್ಸಾಪ್ ಮಾಡಿಕೊಂಡ ಪ್ರತಿ. ದೊಡ್ಡವು ಹಳೆಯ ಚಾಟ್ ತುಂಬಿರುವ ಪ್ರತಿಗಳು.

ಮೊದಲು ಇಡೀ ಫೋಲ್ಡರನ್ನು ಲ್ಯಾಪ್‌ಟಾಪ್‌ಗೆ ನಕಲು ಮಾಡಿಕೊಂಡೆ. ಈ ಹೆಜ್ಜೆಯನ್ನು ಬಿಡಬೇಡಿ, ಮುಂದೆ ಏನೇ ಎಡವಟ್ಟಾದರೂ ಹಿಂದಕ್ಕೆ ಬರಲು ಇದೊಂದೇ ದಾರಿ. ಆಮೇಲೆ ಚಿಕ್ಕ ಫೈಲಿನ ಹೆಸರನ್ನು ಬೇರೆ ಏನೋ ಮಾಡಿ, ಶನಿವಾರದ ದಿನಾಂಕವಿದ್ದ ದೊಡ್ಡ ಫೈಲಿಗೆ ಅದರ ಹೆಸರು ಕೊಟ್ಟೆ. ಅಂದರೆ ಹೀಗೆ:

```
msgstore-YYYY-MM-DD.1.db.crypt14  →  msgstore.db.crypt14
```

`YYYY-MM-DD` ಇರುವ ಕಡೆ ನಿಮ್ಮ ಫೈಲಿನಲ್ಲಿ ವರ್ಷ, ತಿಂಗಳು, ದಿನ ಇರುತ್ತದೆ. ಕೊನೆಯ `crypt14` ನಿಮ್ಮಲ್ಲಿ `crypt15` ಆಗಿರಬಹುದು, ಆ ಸಂಖ್ಯೆ ಹೇಗಿದೆಯೋ ಹಾಗೇ ಇರಲಿ, ಮುಟ್ಟಬೇಡಿ. ನಂತರ ವಾಟ್ಸಾಪ್ ತೆಗೆದು ಮತ್ತೆ ಹಾಕಿ, ಮೊದಲ ಪುಟದಲ್ಲಿ ಕನ್ನಡವನ್ನೇ ಆರಿಸಿ, ಅದೇ ನಂಬರ್ ಕೊಟ್ಟೆ. ಒಟಿಪಿ ಬಂತು. ಫೈಲುಗಳನ್ನು ನೋಡಲು ಅನುಮತಿ ಕೇಳಿದಾಗ ಕೊಟ್ಟೆ, ಅದನ್ನು ನಿರಾಕರಿಸಿದರೆ ಫೋನಿನೊಳಗಿನ ಬ್ಯಾಕಪ್ ಆ್ಯಪ್‌ಗೆ ಕಾಣುವುದೇ ಇಲ್ಲ. ಬ್ಯಾಕಪ್ ಸಿಕ್ಕಿದೆ ಎಂದು ತೋರಿಸಿತು. ಈ ಸಲ `Restore` ಸ್ಥಾನದಲ್ಲಿದ್ದ ಕನ್ನಡದ ಬಟನ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಮಂಡಿಯವರ ಚಾಟ್ ಮೇಲೆ ಬಂತು, ಚೀಟಿಗಳ ಫೋಟೊ ಸಮೇತ.

ಪೂರ್ತಿ ಬಂತೇ ಅಂದರೆ, ಇಲ್ಲ. ಶನಿವಾರದ ಪ್ರತಿ ಆಗಿದ್ದು ನಸುಕಿನ 2 ಗಂಟೆಗೆ, ಆ್ಯಪ್ ತೆಗೆದದ್ದು ಬೆಳಿಗ್ಗೆ 11ಕ್ಕೆ. ನಡುವಿನ ಒಂಬತ್ತು ಗಂಟೆಯ ಮೆಸೇಜುಗಳು ಯಾವ ಪ್ರತಿಯಲ್ಲೂ ಇರಲಿಲ್ಲ. ಖಾಲಿ ವಾಟ್ಸಾಪ್‌ನಲ್ಲಿ ಆಮೇಲೆ ಬಂದವೂ ಈ ಪ್ರತಿಯಲ್ಲಿಲ್ಲ. ಇನ್ನೂ ಒಂದು ವಾರ ಬಿಟ್ಟಿದ್ದರೆ ದೊಡ್ಡ ಫೈಲುಗಳು ಒಂದೊಂದಾಗಿ ಜಾಗ ಬಿಟ್ಟು, ಫೋಲ್ಡರಿನಲ್ಲಿ ಖಾಲಿ ವಾಟ್ಸಾಪ್‌ನ ಪ್ರತಿಗಳೇ ಉಳಿಯುತ್ತಿದ್ದವು. ತಡಮಾಡಬೇಡಿ ಎಂದದ್ದು ಇದಕ್ಕೇ.

## ನಮ್ಮದು ಗೂಗಲ್ ಡ್ರೈವ್‌ನಲ್ಲಿ ಬ್ಯಾಕಪ್ ಆಗುತ್ತದೆ. ಅದು ಇನ್ನೂ ಸುರಕ್ಷಿತ ಅಲ್ಲವೇ?

ಫೋನ್ ಕಳೆದುಹೋದರೆ, ಒಡೆದುಹೋದರೆ ಖಂಡಿತ ಹೌದು. ಆದರೆ ಮೇಲಿನಂತೆ `Skip` ಒತ್ತಿದ ಸಂದರ್ಭದಲ್ಲಿ ಡ್ರೈವ್ ಹೆಚ್ಚು ಅಪಾಯ. ಒಂದೇ ಖಾತೆಗೆ ಹೊಸ ಬ್ಯಾಕಪ್ ಹೋದರೆ ಹಳೆಯದರ ಮೇಲೆಯೇ ಕೂರುತ್ತದೆ. ಏಳು ದಿನದ ಸಾಲು ಅಲ್ಲಿ ಇಲ್ಲ. ಖಾಲಿ ವಾಟ್ಸಾಪ್ ಒಂದು ಸಲ ಡ್ರೈವ್‌ಗೆ ಬ್ಯಾಕಪ್ ಮಾಡಿತೆಂದರೆ ಹಳೆಯದನ್ನು ತರುವ ದಾರಿಯೇ ಮುಚ್ಚುತ್ತದೆ. ಹಾಗಾಗಿ ಚಾಟ್ ಖಾಲಿ ಕಂಡ ಕೂಡಲೇ ವೈಫೈ ಮತ್ತು ಡೇಟಾ ಎರಡನ್ನೂ ನಿಲ್ಲಿಸಿ, ಆಮೇಲೆ ಯೋಚಿಸಿ.

ಇನ್ನೊಂದು ತೊಡಕು ಖಾತೆಯದು. ಡ್ರೈವ್ ಬ್ಯಾಕಪ್ ಸಿಗಬೇಕಾದರೆ ಫೋನ್ ನಂಬರ್ ಅದೇ ಇರಬೇಕು, ಬ್ಯಾಕಪ್ ಮಾಡಿದ ಗೂಗಲ್ ಖಾತೆಯೂ ಫೋನಿನಲ್ಲಿ ಇರಬೇಕು. ಮನೆಯ ಹಿರಿಯರ ಫೋನಿನಲ್ಲಿ ಮಗನದೋ ಸೊಸೆಯದೋ ಖಾತೆ ಹಾಕಿರುವುದು ಸಾಮಾನ್ಯ. ಬ್ಯಾಕಪ್ ಸಿಗುತ್ತಿಲ್ಲ ಎಂದು ತೋರಿಸಿದರೆ ಮೊದಲು ಅನುಮಾನಿಸಬೇಕಾದದ್ದು ಖಾತೆಯನ್ನು. ಆಗ `Skip` ಒತ್ತದೆ, ಸರಿಯಾದ ಖಾತೆಯನ್ನು ಫೋನಿಗೆ ಸೇರಿಸಿ, ಮತ್ತೆ ಮೊದಲಿನಿಂದ ಶುರು ಮಾಡಿ.

## ಭಾಷೆ ಬದಲಿಸುವ ಮುಂಚೆ ಬ್ಯಾಕಪ್ ಮಾಡಲೇಬೇಕೇ?

ಭಾಷೆಯ ಸಲುವಾಗಿ ಬೇಕಿಲ್ಲ. ಆದರೆ ಹೇಗೂ ಸೆಟ್ಟಿಂಗ್ಸ್‌ಗೆ ಹೋಗುತ್ತೀರಲ್ಲ, `Chats` ಒಳಗಿನ `Chat backup` ಪುಟವನ್ನು ಒಮ್ಮೆ ನೋಡಿಬಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಫೋನಿನೊಳಗಿನ ಪ್ರತಿ ಯಾವಾಗ ಆಯಿತು, ಗೂಗಲ್‌ಗೆ ಹೋದದ್ದು ಯಾವಾಗ, ಗಾತ್ರ ಎಷ್ಟು ಎಂದು ಅಲ್ಲಿ ಇರುತ್ತದೆ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕನ್ನಡಕ್ಕೆ ಬದಲಿಸಿದ ಮೇಲೆ ಅದೇ ಪುಟ ತೆರೆದರೆ ಅದೇ ಸಮಯ, ಅದೇ ಗಾತ್ರ, ಅದೇ ಖಾತೆ ಕಾಣಬೇಕು. ದಿನವೋ ವಾರಕ್ಕೊಮ್ಮೆಯೋ ಎಂಬ ಆಯ್ಕೆಯೂ ಹಾಗೇ ಇರುತ್ತದೆ.

ಹೀಗೆ ನೋಡಲು ಹೋದಾಗಲೇ ಕೆಲವರಿಗೆ ಕೊನೆಯ ಬ್ಯಾಕಪ್ ತಿಂಗಳುಗಳ ಹಿಂದಿನದು ಎಂದು ಕಾಣುತ್ತದೆ, ಭಾಷೆ ಬದಲಿಸಿದ್ದರಿಂದ ಬ್ಯಾಕಪ್ ನಿಂತಿತು ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಕಾರಣ ಜಾಗ. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಮೊದಲು ಗೂಗಲ್‌ನ ಜಾಗದ ಲೆಕ್ಕಕ್ಕೆ ಸೇರುತ್ತಿರಲಿಲ್ಲ, 2024ರಿಂದ ಸೇರುತ್ತಿದೆ. ಜಿಮೇಲ್, ಫೋಟೊ, ಡ್ರೈವ್ ಎಲ್ಲ ಸೇರಿ ಉಚಿತವಾಗಿ ಸಿಗುವುದು 15 ಜಿಬಿ. ಅದು ತುಂಬಿದರೆ ಬ್ಯಾಕಪ್ ಮುಂದಕ್ಕೆ ಹೋಗುವುದಿಲ್ಲ.

## ಇಂಗ್ಲಿಷಿನಲ್ಲಿದ್ದಾಗ ಮಾಡಿದ ಬ್ಯಾಕಪ್ ಕನ್ನಡದ ವಾಟ್ಸಾಪ್‌ನಲ್ಲಿ ತೆರೆಯುತ್ತಾ?

ತೆರೆಯುತ್ತದೆ. ಬ್ಯಾಕಪ್‌ಗೆ ಭಾಷೆ ಎಂಬುದಿಲ್ಲ. ಕನ್ನಡದಲ್ಲಿ ಮಾಡಿದ್ದನ್ನು ತಮಿಳಿನಲ್ಲಿ ಇಟ್ಟ ಫೋನಿಗೆ ತಂದರೂ ಬರುತ್ತದೆ, ನೀವು ಬರೆದ ಕನ್ನಡ ಕನ್ನಡವಾಗಿಯೇ ಇರುತ್ತದೆ.

ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿದ್ದರೆ ಮಾತ್ರ ಒಂದು ಎಚ್ಚರ. 2021ರಿಂದ ಬ್ಯಾಕಪ್ಪನ್ನು ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಇದೆ, ಪಾಸ್‌ವರ್ಡ್ ಅಥವಾ 64 ಅಕ್ಷರದ ಕೀಲಿ ಇಟ್ಟುಕೊಳ್ಳಬಹುದು. ಭಾಷೆ ಬದಲಿಸಿದರೆ ಆ ಪಾಸ್‌ವರ್ಡ್ ಬದಲಾಗುವುದಿಲ್ಲ. ಆದರೆ ಫೋನನ್ನು ಕನ್ನಡ ಮಾಡುವಾಗ ಕೀಬೋರ್ಡನ್ನೂ ಕನ್ನಡಕ್ಕೆ ಹಾಕಿಕೊಂಡಿದ್ದರೆ, ಪಾಸ್‌ವರ್ಡ್ ಒತ್ತುವಾಗ ಇಂಗ್ಲಿಷ್ ಕೀಬೋರ್ಡಿಗೆ ಮರಳಿ. ಮೊದಲು ಯಾವ ಅಕ್ಷರ ಕೊಟ್ಟಿದ್ದಿರೋ ಅದೇ ಅಕ್ಷರ ಬೇಕು.

## ಹಳೆಯ ಚಾಟ್‌ನಲ್ಲಿ ಇಂಗ್ಲಿಷ್ ಇದ್ದ ಕೆಲವು ಸಾಲು ಈಗ ಕನ್ನಡದಲ್ಲಿವೆ. ಯಾರೋ ನನ್ನ ಮೆಸೇಜ್ ತಿದ್ದಿದರೇ?

ಈ ಪ್ರಶ್ನೆ ಕೇಳಿದವರ ಗಾಬರಿ ನನಗೆ ಅರ್ಥವಾಗುತ್ತದೆ. ಎರಡು ವರ್ಷದ ಹಿಂದಿನ ಚಾಟ್ ತೆರೆದರೆ, ಆಗ `This message was deleted` ಎಂದಿದ್ದ ಜಾಗದಲ್ಲಿ ಈಗ ಕನ್ನಡದ ಸಾಲು ಇರುತ್ತದೆ. ಅದನ್ನು ಈಗ ತಾನೇ ಓದಿದವರಿಗೆ ಭಾಷೆ ಬದಲಿಸಿದ್ದರಿಂದಲೇ ಮೆಸೇಜ್ ಅಳಿಸಿತು ಎಂದು ಅನ್ನಿಸುವುದು ಸಹಜ.

ಆಗಿರುವುದು ಇಷ್ಟು. ಮನುಷ್ಯರು ಬರೆದದ್ದು ಅಕ್ಷರ ಅಕ್ಷರವಾಗಿ ಉಳಿದಿರುತ್ತದೆ. ಆ್ಯಪ್ ತಾನೇ ಹೇಳುವ ಸಾಲುಗಳು, ಅಂದರೆ ಮೆಸೇಜ್ ಅಳಿಸಲಾಗಿದೆ, ಇಂಥವರು ಗುಂಪು ಬಿಟ್ಟರು, ಕರೆ ತಪ್ಪಿಹೋಯಿತು ಎಂಬಂಥವು, ವಾಕ್ಯಗಳಾಗಿ ಉಳಿದಿರುವುದಿಲ್ಲ. ‘ಇಂಥ ದಿನ ಇಂಥ ಘಟನೆ’ ಎಂಬ ಗುರುತು ಮಾತ್ರ ಇರುತ್ತದೆ, ಅದನ್ನು ತೋರಿಸುವ ಹೊತ್ತಿಗೆ ಆಗಿನ ಭಾಷೆಯಲ್ಲಿ ಬರೆದು ತೋರಿಸುತ್ತದೆ. ಆ ಮೆಸೇಜ್ ಎರಡು ವರ್ಷದ ಹಿಂದೆಯೇ ಅಳಿಸಿತ್ತು. ಪರೀಕ್ಷಿಸಬೇಕಾದರೆ ಇಂಗ್ಲಿಷಿಗೆ ಮರಳಿಸಿ ನೋಡಿ, ಹಳೆಯ ಇಂಗ್ಲಿಷ್ ಸಾಲು ಅದೇ ಜಾಗದಲ್ಲಿ ಬರುತ್ತದೆ.

ಗುಂಪಿನ ಹೆಸರು, ನೀವು ಸೇವ್ ಮಾಡಿದ ಹೆಸರುಗಳು ಬದಲಾಗುವುದಿಲ್ಲ.

## ತಪ್ಪಿ ಯಾವುದೋ ಓದಲು ಬರದ ಭಾಷೆ ಒತ್ತಿಬಿಟ್ಟೆ. ವಾಪಸ್ ಬರುವುದು ಹೇಗೆ?

ಪದಗಳನ್ನು ಬಿಟ್ಟು ಚಿತ್ರಗಳನ್ನು ಹಿಡಿಯಿರಿ. ಮೂರು ಚುಕ್ಕಿ, ಅದರ ಪಟ್ಟಿಯಲ್ಲಿ ಸಾಮಾನ್ಯವಾಗಿ ಕೊನೆಯ ಸಾಲು, ಆಮೇಲೆ ಭೂಗೋಳದ ಚಿತ್ರ. ಅದರೊಳಗೆ ‘ಕನ್ನಡ’ ಕನ್ನಡದಲ್ಲೇ ಕಾಣುತ್ತದೆ. ಒತ್ತಿದ್ದು ಉರ್ದು ಅಥವಾ ಅರೇಬಿಕ್ ಆಗಿದ್ದರೆ ಪರದೆಯೇ ಎಡಬಲ ತಿರುಗಿರುತ್ತದೆ, ಮೂರು ಚುಕ್ಕಿ ಎಡಗಡೆಗೆ ಹೋಗಿರುತ್ತದೆ.

ನಿಜವಾದ ಅಪಾಯ ಈ ಹುಡುಕಾಟದಲ್ಲಿದೆ. `Chats` ಒಳಗಿನ `Chat history` ಪುಟದಲ್ಲಿ ಎಲ್ಲ ಚಾಟ್ ಅಳಿಸುವ ಸಾಲುಗಳಿವೆ. ಅರ್ಥವಾಗದ ಭಾಷೆಯಲ್ಲಿ ಖಚಿತಪಡಿಸಿ ಎಂದು ಒಂದು ಚಿಕ್ಕ ಪೆಟ್ಟಿಗೆ ಎದ್ದು ಬಂದರೆ, ಏನನ್ನೂ ಒಪ್ಪದೆ ಫೋನಿನ ಬ್ಯಾಕ್ ಒತ್ತಿ ಹೊರಗೆ ಬನ್ನಿ.

## ಭಾಷೆ ಸರಿಯಾಗಿ ಕೂತಿಲ್ಲ, ಅರ್ಧ ಇಂಗ್ಲಿಷ್ ಅರ್ಧ ಕನ್ನಡ. ‘ಡೇಟಾ ಕ್ಲಿಯರ್ ಮಾಡಿ’ ಅಂದರು. ಮಾಡಲೇ?

ಬೇಡ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ಪುಟಕ್ಕೆ ಹೋದರೆ ಅಕ್ಕಪಕ್ಕ ಎರಡು ಆಯ್ಕೆ ಸಿಗುತ್ತವೆ. `Clear cache` ತಾತ್ಕಾಲಿಕ ಫೈಲುಗಳನ್ನು ಮಾತ್ರ ತೆಗೆಯುತ್ತದೆ, ಚಾಟ್ ಉಳಿಯುತ್ತದೆ. ಇನ್ನೊಂದು ಫೋನಿನಿಂದ ಫೋನಿಗೆ `Clear data` ಅಥವಾ `Clear storage` ಎಂದಿರುತ್ತದೆ. ಅದು ಅನ್‌ಇನ್‌ಸ್ಟಾಲ್ ಮಾಡಿದಷ್ಟೇ ಪೂರ್ತಿಯಾಗಿ ಚಾಟ್ ಫೈಲನ್ನು ಅಳಿಸುತ್ತದೆ.

ಅರ್ಧಂಬರ್ಧ ಭಾಷೆಗೆ ಸಾಮಾನ್ಯ ಕಾರಣ, ಹೊಸದಾಗಿ ಸೇರಿಸಿದ ಕೆಲವು ಸಾಲುಗಳಿಗೆ ಇನ್ನೂ ಅನುವಾದ ಆಗಿರುವುದಿಲ್ಲ, ಅಲ್ಲಿ ಇಂಗ್ಲಿಷ್ ಉಳಿಯುತ್ತದೆ. ಆ್ಯಪ್ ಅಪ್‌ಡೇಟ್ ಮಾಡಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಮೇಲೂ ಉಳಿದರೆ ಅನುವಾದ ಬರುವವರೆಗೆ ಕಾಯಬೇಕು.

## ಚಾಟ್ ಎಕ್ಸ್‌ಪೋರ್ಟ್ ಮಾಡಿಟ್ಟರೆ ಸಾಕಲ್ಲವೇ?

ಓದಿಕೊಳ್ಳಲು ಸಾಕು. ಎಕ್ಸ್‌ಪೋರ್ಟ್ ಅಂದರೆ ಒಂದು `.txt` ಫೈಲು, ಅದನ್ನು ಮತ್ತೆ ವಾಟ್ಸಾಪ್ ಒಳಗೆ ತುಂಬಲು ಆಗುವುದಿಲ್ಲ. ಭಾಷೆ ನಿಜವಾಗಿ ಗುರುತು ಬಿಡುವುದು ಇಲ್ಲಿ. ಕನ್ನಡದಲ್ಲಿದ್ದಾಗ ಎಕ್ಸ್‌ಪೋರ್ಟ್ ಮಾಡಿದರೆ ಆ್ಯಪ್‌ನ ಸಾಲುಗಳು ಕನ್ನಡದಲ್ಲಿ ಫೈಲಿನೊಳಗೆ ಬರೆದು ಕೂರುತ್ತವೆ, ಆಮೇಲೆ ಭಾಷೆ ಬದಲಿಸಿದರೂ ಆ ಫೈಲು ಬದಲಾಗುವುದಿಲ್ಲ. ದಿನಾಂಕ ಬರೆಯುವ ರೀತಿಯೂ ಬೇರೆಯಾಗಬಹುದು. ವ್ಯವಹಾರದ ಲೆಕ್ಕಕ್ಕಾಗಿ ತಿಂಗಳು ತಿಂಗಳು ಎಕ್ಸ್‌ಪೋರ್ಟ್ ಮಾಡುವವರು ಪ್ರತಿ ಸಲ ಒಂದೇ ಭಾಷೆಯಲ್ಲಿಟ್ಟು ಮಾಡಿದರೆ ಹುಡುಕುವುದು ಸುಲಭ.

## ಐಫೋನ್‌ನಲ್ಲಿ?

ಉತ್ತರ ಅದೇ, ಚಾಟ್‌ಗೂ ಐಕ್ಲೌಡ್ ಬ್ಯಾಕಪ್‌ಗೂ ಏನೂ ಆಗುವುದಿಲ್ಲ. ದಾರಿ ಮಾತ್ರ ಬೇರೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಾಟ್ಸಾಪ್ ಹುಡುಕಿ ತೆರೆದರೆ `Language` ಎಂಬ ಸಾಲು ಇರುತ್ತದೆ. ಫೋನಿಗೆ ಒಂದೇ ಭಾಷೆ ಸೇರಿಸಿದ್ದರೆ ಆ ಸಾಲು ಕಾಣುವುದಿಲ್ಲ, ಮೊದಲು `Language & Region` ಪುಟದಲ್ಲಿ ಇನ್ನೊಂದು ಭಾಷೆ ಸೇರಿಸಬೇಕು. ಆ ಸಾಲು ಕಾಣಲಿಲ್ಲ ಎಂದು ಆ್ಯಪನ್ನು ಡಿಲೀಟ್ ಮಾಡಿ ಹಾಕಬೇಡಿ. ಆಂಡ್ರಾಯ್ಡ್‌ನಲ್ಲಿ ಇರುವಂತೆ ನಸುಕಿನ 2 ಗಂಟೆಯ ಪ್ರತಿ, ಏಳು ದಿನದ ಫೋಲ್ಡರ್ ಐಫೋನ್‌ನಲ್ಲಿ ಸಿಗುವುದಿಲ್ಲ.

## ಟೆಲಿಗ್ರಾಂ, ಸಿಗ್ನಲ್?

ಭಾಷೆ ಬದಲಿಸುವುದರಿಂದ ಎರಡರಲ್ಲೂ ಏನೂ ಅಳಿಸುವುದಿಲ್ಲ. ಆ್ಯಪ್ ತೆಗೆದರೆ ಆಗುವುದು ಮಾತ್ರ ಬೇರೆ ಬೇರೆ. ಟೆಲಿಗ್ರಾಂನ ಮಾಮೂಲಿ ಚಾಟ್‌ಗಳು ಅವರ ಸರ್ವರ್‌ನಲ್ಲಿರುತ್ತವೆ, ಮತ್ತೆ ಲಾಗಿನ್ ಆದರೆ ಬರುತ್ತವೆ, ಸೀಕ್ರೆಟ್ ಚಾಟ್ ಮಾತ್ರ ಬರುವುದಿಲ್ಲ. ಸಿಗ್ನಲ್‌ನಲ್ಲಿ ನೀವೇ ಬ್ಯಾಕಪ್ ಶುರು ಮಾಡಿ, ಅದರ ಕೀಲಿಯನ್ನು ಬರೆದಿಟ್ಟುಕೊಂಡಿರದಿದ್ದರೆ ಎಲ್ಲವೂ ಹೋಗುತ್ತದೆ.

## ಏನೂ ತೆಗೆದಿಲ್ಲ, ಭಾಷೆ ಮಾತ್ರ ಬದಲಿಸಿದ್ದು. ಆದರೂ ಒಬ್ಬರ ಚಾಟ್‌ನಲ್ಲಿ ಹಳೆಯ ಮೆಸೇಜ್ ಕಾಣುತ್ತಿಲ್ಲವಲ್ಲ?

ಆ ಒಬ್ಬರ ಹೆಸರಿನ ಮೇಲೆ ಒತ್ತಿ, ತಾನಾಗಿ ಮರೆಯಾಗುವ ಮೆಸೇಜ್‌ಗಳ ಸಾಲು ನೋಡಿ. ಇಂಗ್ಲಿಷಿನಲ್ಲಿ ಅದು `Disappearing messages`. ಅಲ್ಲಿ 24 ಗಂಟೆ, 7 ದಿನ ಅಥವಾ 90 ದಿನ ಎಂದಿದ್ದರೆ ಅವಧಿ ಮುಗಿದ ಮೆಸೇಜುಗಳು ತಾವಾಗಿ ಹೋಗಿವೆ. ಇಬ್ಬರ ಚಾಟ್ ಆದರೆ ಆ ಆಯ್ಕೆಯನ್ನು ಎದುರಿನವರೂ ಹಾಕಿರಬಹುದು, ಯಾರು ಹಾಕಿದರು ಎಂಬ ಸಾಲು ಚಾಟ್‌ನೊಳಗೇ ಇರುತ್ತದೆ. ಅದು ಆಫ್ ಇದ್ದರೆ ಆರ್ಕೈವ್ ಫೋಲ್ಡರ್ ತೆರೆಯಿರಿ, ಅದೇ ಹೆಸರಿನ ಇನ್ನೊಂದು ನಂಬರಿನ ಚಾಟ್ ಅಲ್ಲಿ ಕೂತಿರುವುದು ಎಷ್ಟೋ ಸಲ ಸಿಕ್ಕಿದೆ.